ಆರು ಸಲ ‘ಇಲ್ಲಿ ಕ್ಲಿಕ್ ಮಾಡಿ’, ಎಲ್ಲಿಗೆ ಅಂತ ಒಂದು ಸಲವೂ ಇಲ್ಲ

ಮುಂಬೈಯ ಕನ್ನಡ ಸಂಘವೊಂದರ ಹೊಸ ವೆಬ್‌ಸೈಟ್ ಈಗಷ್ಟೇ ನೋಡಿದೆ. ಹೆಸರು ಬೇಡ. ನಾಳೆ ಜಾತ್ರೆಯಲ್ಲಿ ಅದೇ ಸಮಿತಿಯವರು ಎದುರಿಗೆ ಸಿಗುತ್ತಾರೆ, ಊಟಕ್ಕೂ ಕೂರಿಸುತ್ತಾರೆ. ಬಣ್ಣ ಚೆಂದ, ಫೋಟೋ ಚೆಂದ, ಕನ್ನಡವೂ ಶುದ್ಧ. ಆದರೆ ವಿದ್ಯಾರ್ಥಿವೇತನದ ಪುಟದಲ್ಲಿ ಹನ್ನೊಂದು ಲಿಂಕ್‌ಗಳಿವೆ. ಆರು ‘ಇಲ್ಲಿ ಕ್ಲಿಕ್ ಮಾಡಿ’, ನಾಲ್ಕು ‘ಮುಂದೆ ಓದಿ’, ಇನ್ನೊಂದು ಹೆಸರೇ ಇಲ್ಲದ ಫೇಸ್‌ಬುಕ್ ಚಿತ್ರ.

ಕಣ್ಣಿರುವವರಿಗೆ ಇದರಲ್ಲಿ ತೊಂದರೆ ಕಾಣುವುದಿಲ್ಲ, ಅದೇ ತೊಂದರೆ. ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವವರು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಪಾರಾಯಣ ಮಾಡುತ್ತಾ ಕೂರುವುದಿಲ್ಲ. ನಾವು ಕಣ್ಣಾಡಿಸುವ ಹಾಗೆ ಅವರು ಕಿವಿಯಾಡಿಸುತ್ತಾರೆ. ವಿಂಡೋಸ್‌ನ ಸ್ಕ್ರೀನ್ ರೀಡರ್‌ಗಳಾದ ಎನ್‌ವಿಡಿಎಯಲ್ಲೋ ಜಾಸ್‌ನಲ್ಲೋ `Insert+F7` ಒತ್ತಿದರೆ ಪುಟದ ಲಿಂಕ್‌ಗಳಷ್ಟೇ ಒಂದು ಪಟ್ಟಿಯಾಗಿ ಬರುತ್ತವೆ. ಮ್ಯಾಕ್‌ನ ವಾಯ್ಸ್‌ಓವರ್‌ನಲ್ಲಿ `Control+Option+U`. ಆ ಪಟ್ಟಿಯಲ್ಲಿ ಲಿಂಕ್‌ನ ಹಿಂದುಮುಂದಿನ ವಾಕ್ಯ ಇರುವುದಿಲ್ಲ, ಲಿಂಕ್‌ನ ಪದಗಳಷ್ಟೇ ಇರುತ್ತವೆ. ಹಾಗಾಗಿ ಈ ಪುಟದಲ್ಲಿ ಕೇಳಿಸುವುದು: ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ...

ಲೋಕಲ್ ಟ್ರೇನಿನಲ್ಲಿ ‘ಪುಢೀಲ್ ಸ್ಟೇಷನ್ ದಾದರ್’ ಅಂತ ಮೂರು ಭಾಷೆಯಲ್ಲಿ ಕೂಗುತ್ತದಲ್ಲ, ಅದರ ಬದಲು ಪ್ರತಿ ಸಲವೂ ‘ಮುಂದಿನ ಸ್ಟೇಷನ್ ಇಲ್ಲಿ’ ಅಂದರೆ? ಜನ ಮೋಟರ್‌ಮನ್‌ನನ್ನೇ ಕೆಳಗಿಳಿಸಿಯಾರು.

ಎನ್‌ವಿಡಿಎಯ ಆ ಪಟ್ಟಿಯಲ್ಲಿ ಹುಡುಕಲು ಒಂದು ಫಿಲ್ಟರ್ ಕಿಂಡಿಯೂ ಇದೆ. ಅದರಲ್ಲಿ ‘ಅರ್ಜಿ’ ಅಂತ ಟೈಪ್ ಮಾಡಿದರೆ ಆ ಪದ ಇರುವ ಲಿಂಕ್‌ಗಳಷ್ಟೇ ಉಳಿಯಬೇಕು. ಈ ಪುಟದಲ್ಲಿ ಉಳಿಯುವುದು ಸೊನ್ನೆ. ಅರ್ಜಿ ಪುಟದಲ್ಲೇ ಇದೆ ಮಾರಾಯ್ರೆ, ‘ಇಲ್ಲಿ’ ಅನ್ನುವ ಬುರ್ಖಾ ಹಾಕಿಕೊಂಡು ಕೂತಿದೆ ಅಷ್ಟೇ.

ಈಗ ದುರಸ್ತಿಗೆ ಬರೋಣ. ಪುಟದಲ್ಲಿ ಇದ್ದದ್ದು ಹೀಗೆ:

```html
ಅರ್ಜಿಗಾಗಿ <a href="arji.pdf">ಇಲ್ಲಿ ಕ್ಲಿಕ್ ಮಾಡಿ</a>.
ನಿಯಮಗಳಿಗಾಗಿ <a href="niyama.html">ಇಲ್ಲಿ ಕ್ಲಿಕ್ ಮಾಡಿ</a>.
```

ಆಗಬೇಕಾದ್ದು ಹೀಗೆ:

```html
<a href="arji.pdf">ವಿದ್ಯಾರ್ಥಿವೇತನದ ಅರ್ಜಿ ನಮೂನೆ (ಪಿಡಿಎಫ್, 340 ಕೆಬಿ)</a>
<a href="niyama.html">ಅರ್ಜಿ ಹಾಕುವವರಿಗೆ ನಿಯಮಗಳು</a>
```

ಹೆಚ್ಚಾದದ್ದು ಒಂದೇ ಒಂದು ಪದ, ನೋಡಿ. ಪಿಡಿಎಫ್ ಅನ್ನುವುದನ್ನೂ ಅದರ ಗಾತ್ರವನ್ನೂ ಲಿಂಕ್‌ನ ಒಳಗೇ ಇಡಬೇಕು, ಹೊರಗಿಟ್ಟರೆ ಅವು ಪಟ್ಟಿಗೆ ಬರುವುದಿಲ್ಲ. ಒತ್ತಿದ ಮೇಲೆ ಪುಟ ಬಿಟ್ಟು ಬೇರೇನೋ ತೆರೆದುಕೊಂಡಾಗ ಎಲ್ಲಿದ್ದೇನೆ ಅಂತ ತಡಕಾಡುವುದು ತಪ್ಪುತ್ತದೆ. (ಆ ಪಿಡಿಎಫ್ ಕೈಬರಹದ ಸ್ಕ್ಯಾನ್ ಆಗಿದ್ದರೆ ಒಳಗೆ ಓದಲು ಅಕ್ಷರವೇ ಇರುವುದಿಲ್ಲ. ಆ ಜಗಳ ಇನ್ನೊಂದು ದಿನ.) ಇನ್ನು ‘ಅರ್ಜಿಯ ಲಿಂಕ್’ ಅಂತ ಬರೆಯಬೇಡಿ. ‘ಲಿಂಕ್’ ಅನ್ನುವುದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ, ಎರಡೆರಡು ಸಲ ಕೇಳಿಸುತ್ತದೆ.

ನಮ್ಮ ಭಾಷೆಗೆ ಇಲ್ಲೊಂದು ಅನುಕೂಲವಿದೆ. ಕ್ರಿಯಾಪದ ಕೊನೆಗೆ ಬರುವುದರಿಂದ ‘ಅರ್ಜಿ ಡೌನ್‌ಲೋಡ್ ಮಾಡಿ’ ಅಂತ ಸಹಜವಾಗಿ ಬರೆದರೂ ಮುಖ್ಯ ಪದ ಮೊದಲೇ ಬಂದಿರುತ್ತದೆ. ಕೇಳುವವರು ‘ಅರ್ಜಿ’ ಅಂದ ಕೂಡಲೇ ಬೇಕೋ ಬೇಡವೋ ನಿರ್ಧರಿಸಿ ಮುಂದಕ್ಕೆ ಹೋಗಬಹುದು. ಇಂಗ್ಲಿಷಿನವರು ಒದ್ದಾಡಿ ಕಲಿಯುವ ನಿಯಮ ನಮಗೆ ವ್ಯಾಕರಣದಲ್ಲೇ ಪುಕ್ಕಟೆ ಸಿಕ್ಕಿದೆ. ಅದನ್ನು ಬಿಟ್ಟು ‘ಇಲ್ಲಿ’ಯಿಂದ ಶುರು ಮಾಡುತ್ತೇವೆ. ಖರ್ಮ.

ಒಂದು ತೊಡಕೂ ಇದೆ, ವಿಭಕ್ತಿಯದ್ದು. ‘ಅರ್ಜಿ ನಮೂನೆ’ ಅಷ್ಟಕ್ಕೇ ಲಿಂಕ್ ಕಟ್ಟಿ ‘ಯನ್ನು’ ಹೊರಗೆ ಬಿಟ್ಟರೆ, ಓದುವಾಗ ಪದ ಅಲ್ಲೇ ತುಂಡಾಗಿ ‘ಯನ್ನು’ ಒಂಟಿಯಾಗಿ ಕೇಳಿಸಬಹುದು. ‘ಯನ್ನು’ವನ್ನು ಒಳಗೆ ಸೇರಿಸಿದರೆ ಪಟ್ಟಿಯಲ್ಲಿ ‘ಅರ್ಜಿ ನಮೂನೆಯನ್ನು’ ಅಂತ ಅರ್ಧಕ್ಕೆ ನೇತಾಡುತ್ತದೆ. ನಾನೂ ಹೀಗೆ ಬಹಳ ದಿನ ಬರೆದವನೇ, ಒಪ್ಪಿಕೊಳ್ಳುತ್ತೇನೆ. ದಾರಿ ಏನೆಂದರೆ ವಾಕ್ಯವನ್ನೇ ತಿರುಗಿಸುವುದು. ಲಿಂಕ್ ಆಗುವ ಪದ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲಬೇಕು, ಅಥವಾ ಕ್ರಿಯಾಪದದವರೆಗೂ ಪೂರ್ತಿ ಲಿಂಕ್ ಆಗಬೇಕು.

ಸುದ್ದಿಗಳ ಕೆಳಗಿನ ‘ಮುಂದೆ ಓದಿ’ಗಳಿಗೆ ಸುಲಭದ ಮದ್ದು ಅವುಗಳನ್ನು ಕಿತ್ತು ಹಾಕಿ ಶೀರ್ಷಿಕೆಯನ್ನೇ ಲಿಂಕ್ ಮಾಡುವುದು. ‘ಭಾನುವಾರದ ಯಕ್ಷಗಾನ: ಸಮಯ ಮತ್ತು ಸ್ಥಳ’ ಅಂದರೆ ಸಾಕು. ಡಿಸೈನರ್ ಮಹಾಶಯರು ಬಟನ್ ಬೇಕೇ ಬೇಕು ಅಂತ ಹಟ ಹಿಡಿದರೆ:

```html
<h3 id="yaksha">ಭಾನುವಾರದ ಯಕ್ಷಗಾನ</h3>
<a id="o1" href="y.html" aria-labelledby="yaksha o1">ಮುಂದೆ ಓದಿ</a>
```

ಈಗ ಪಟ್ಟಿಯಲ್ಲಿ ‘ಭಾನುವಾರದ ಯಕ್ಷಗಾನ ಮುಂದೆ ಓದಿ’ ಎಂದು ಬರುತ್ತದೆ. ಕಣ್ಣಿಗೆ ಕಾಣುವ ‘ಮುಂದೆ ಓದಿ’ ಆ ಹೆಸರಿನಲ್ಲಿ ಉಳಿದಿರುವುದನ್ನು ಗಮನಿಸಿ. ಕೆಲವರು `aria-label` ಹಾಕಿ ಬೇರೆಯೇ ಹೆಸರು ಕೊಟ್ಟುಬಿಡುತ್ತಾರೆ. ಆಗ ಒಳಗಿನ ಪದಗಳು ಲೆಕ್ಕಕ್ಕೇ ಬರುವುದಿಲ್ಲ. ಮಾತಿನಿಂದ ಕಂಪ್ಯೂಟರ್ ನಡೆಸುವವರು ತೆರೆಯ ಮೇಲೆ ಕಂಡದ್ದನ್ನು ಹೇಳಿದರೂ ಯಂತ್ರಕ್ಕೆ ಆ ಲಿಂಕ್ ಸಿಗದೇ ಹೋಗಬಹುದು. ಒಬ್ಬರಿಗೆ ಬಾಗಿಲು ತೆರೆಯಲು ಹೋಗಿ ಇನ್ನೊಬ್ಬರ ಮುಖಕ್ಕೆ ಮುಚ್ಚಿದ ಹಾಗೆ. `title` ನಂಬಿಕೊಂಡೂ ಕೂರಬೇಡಿ, ಅದನ್ನು ಸ್ಕ್ರೀನ್ ರೀಡರ್ ಓದಿಯೇ ಓದುತ್ತದೆ ಅನ್ನುವ ಖಾತ್ರಿಯಿಲ್ಲ.

ಫೇಸ್‌ಬುಕ್ ಚಿತ್ರದ್ದು ಒಂದೇ ಸಾಲಿನ ಕೆಲಸ. ಲಿಂಕ್ ಒಳಗೆ ಚಿತ್ರ ಮಾತ್ರ ಇದ್ದರೆ ಚಿತ್ರದ `alt` ಪಠ್ಯವೇ ಲಿಂಕ್‌ನ ಹೆಸರು. ಅದು ಖಾಲಿ ಇದ್ದರೆ ಸ್ಕ್ರೀನ್ ರೀಡರ್ ವೆಬ್ ವಿಳಾಸದ ಚೂರನ್ನೇ ಓದಲು ನೋಡುತ್ತದೆ. `alt="ಸಂಘದ ಫೇಸ್‌ಬುಕ್ ಪುಟ"` ಅಂತ ಬರೆಯಿರಿ. ‘ನೀಲಿ ಬಣ್ಣದ ಎಫ್ ಅಕ್ಷರ’ ಅಂತ ವರ್ಣನೆ ಬೇಡ, ಅದು ಎಲ್ಲಿಗೆ ಒಯ್ಯುತ್ತದೆ ಅನ್ನುವುದು ಬೇಕು.

ಗೊತ್ತು, ಈಗ ಯಾರಾದರೂ ಡಬ್ಲ್ಯುಸಿಎಜಿ, ಅಂದರೆ ವೆಬ್ ಪುಟ ಎಲ್ಲರಿಗೂ ದಕ್ಕುವಂತೆ ಮಾಡುವ ಮಾರ್ಗಸೂಚಿ, ಹಿಡಿದುಕೊಂಡು ಬರುತ್ತಾರೆ. ಅದರ 2.4.4ನೇ ನಿಯಮ, ಎಲ್ಲಕ್ಕಿಂತ ಕೆಳಗಿನ ಎ ಮಟ್ಟದ್ದು, ಸುತ್ತಲಿನ ವಾಕ್ಯದಿಂದ ಲಿಂಕ್‌ನ ಅರ್ಥ ತಿಳಿದರೆ ಸಾಕು ಅನ್ನುತ್ತದೆ. ಲಿಂಕ್‌ನ ಪದಗಳಷ್ಟರಿಂದಲೇ ತಿಳಿಯಬೇಕು ಅನ್ನುವುದು 2.4.9, ಅದು ಎಲ್ಲಕ್ಕಿಂತ ಮೇಲಿನ ತ್ರಿಬಲ್ ಎ. ಹಾಗಾಗಿ ‘ಅರ್ಜಿಗಾಗಿ ಇಲ್ಲಿ ಕ್ಲಿಕ್ ಮಾಡಿ’ ಪಾಸ್. ಸರಿ ಸ್ವಾಮಿ, ಪಾಸ್, ಮೂವತ್ತೈದು ಅಂಕ. ಪಟ್ಟಿ ಬಿಟ್ಟು ಪುಟಕ್ಕೆ ಹೋಗಿ, ಆ ವಾಕ್ಯ ಓದಿ, ಅದಲ್ಲ ಅಂತ ಗೊತ್ತಾಗಿ, ಮತ್ತೆ ಪಟ್ಟಿಗೆ ಬಂದು, ಹೀಗೆ ಆರು ಸಲ ಅಲೆಯುವುದು ಯಾರು? ನಿಯಮ ಓದಿದ ನೀವಂತೂ ಅಲ್ಲ.

ನಿಮ್ಮ ಪುಟವನ್ನೇ ಪರೀಕ್ಷಿಸಬೇಕಾದರೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಅದೂ ಬೇಡವೆಂದರೆ ಬ್ರೌಸರ್‌ನಲ್ಲಿ `F12` ಒತ್ತಿ ಕನ್ಸೋಲ್‌ನಲ್ಲಿ ಇದನ್ನು ಹಾಕಿ:

```js
[...document.links].map(a => a.textContent.trim())
```

ಬಂದ ಪಟ್ಟಿಯನ್ನು ಮನೆಯಲ್ಲಿ ಬೇರೆ ಯಾರಿಗಾದರೂ ಓದಿ ಹೇಳಿ, ಅರ್ಜಿ ಯಾವುದು ಅಂತ ಕೇಳಿ. ಈ ಸಾಲು `alt` ಮತ್ತು `aria-label` ಹಿಡಿಯುವುದಿಲ್ಲ, ಖಾಲಿ ಬಂದವನ್ನು ಬೇರೆಯಾಗಿ ನೋಡಬೇಕು.

ವಾಟ್ಸ್ಯಾಪ್ ಗುಂಪಿನಲ್ಲಂತೂ ಪದಗಳ ಹಿಂದೆ ಲಿಂಕ್ ಅಡಗಿಸಲು ಬರುವುದಿಲ್ಲ, ವಿಳಾಸ ಬೆತ್ತಲೆಯಾಗಿಯೇ ಹೋಗುತ್ತದೆ. ಅಲ್ಲಿ ವಿಳಾಸದ ಮೇಲಿನ ಸಾಲಿನಲ್ಲಿ ‘ವಿದ್ಯಾರ್ಥಿವೇತನದ ಅರ್ಜಿ ನಮೂನೆ, ಪಿಡಿಎಫ್’ ಅಂತ ಬರೆದು ಆಮೇಲೆ ವಿಳಾಸ ಅಂಟಿಸಿ. ಮೂರು ಇದ್ದರೆ ಮೂರಕ್ಕೂ ಬೇರೆಬೇರೆ ಸಾಲು. ‘ಕೆಳಗಿನ ಲಿಂಕ್‌ಗಳನ್ನು ನೋಡಿ 🙏’ ಅಂತ ಕೈಮುಗಿದು ಮೂರನ್ನೂ ಒಟ್ಟಿಗೆ ಸುರಿಯಬೇಡಿ.