"ಏನಾಯಿತು?" ಎಂದು ಕೇಳದೆ ರಜೆ ಕೊಡುವುದು

ಕೆಲವು ವರ್ಷಗಳ ಹಿಂದೆ ನನ್ನ ತಂಡದ ಒಬ್ಬರಿಂದ ರಾತ್ರಿ ಹತ್ತು ಗಂಟೆಗೆ ಇಮೇಲ್ ಬಂತು. "ಆರೋಗ್ಯದ ಕಾರಣದಿಂದ ಸೋಮವಾರದಿಂದ ಮೂರು ವಾರ ರಜೆ ಬೇಕಾಗಿದೆ. ಹೆಚ್ಚಿನ ವಿವರವನ್ನು ಈಗ ಹೇಳಲಾರೆ" ಎಂದಷ್ಟೇ ಅದರಲ್ಲಿತ್ತು. ನಾನು ಕೂಡಲೇ "ಅಯ್ಯೋ, ಏನಾಯಿತು? ಗಂಭೀರವಾದದ್ದೇನೂ ಅಲ್ಲ ತಾನೇ?" ಎಂದು ಬರೆದು, ಕಳುಹಿಸುವ ಮೊದಲೇ ಅಳಿಸಿದೆ. ಆ ಪ್ರಶ್ನೆಯಲ್ಲಿ ಕಾಳಜಿ ಇದ್ದುದು ನಿಜ. ಆದರೆ ಅದೇ ಪ್ರಶ್ನೆಯನ್ನು ಗೆಳೆಯರು ಕೇಳಿದರೆ ಮಾತು ಮರೆಸಬಹುದು. ವರ್ಷದ ಕೊನೆಯಲ್ಲಿ ತನ್ನ ಕೆಲಸದ ಮೌಲ್ಯಮಾಪನ ಬರೆಯುವ ವ್ಯಕ್ತಿ ಕೇಳಿದಾಗ, ಉತ್ತರಿಸದಿದ್ದರೆ ರಜೆಗೇ ತೊಂದರೆಯಾದೀತೆಂಬ ಅಂಜಿಕೆಯಿಂದ ಜನ ಹೇಳಬಾರದೆಂದುಕೊಂಡಿದ್ದನ್ನೂ ಹೇಳಿಬಿಡುತ್ತಾರೆ.

ಕೊನೆಗೆ ನಾನು ಕಳುಹಿಸಿದ್ದು ಇದು: "ತಿಳಿಸಿದ್ದಕ್ಕೆ ಧನ್ಯವಾದ. ನಿಮ್ಮ ಆರೋಗ್ಯ ಮೊದಲು. ಕಾರಣವನ್ನು ನನಗೆ ವಿವರಿಸಬೇಕಾದ ಅಗತ್ಯವಿಲ್ಲ. ರಜೆಯ ಅರ್ಜಿ ಮತ್ತು ವೈದ್ಯರ ಪ್ರಮಾಣಪತ್ರದ ಬಗ್ಗೆ ಏನು ಮಾಡಬೇಕೆಂದು ಎಚ್‌ಆರ್ ವಿಭಾಗದವರು ಹೇಳುತ್ತಾರೆ. ಪ್ರಮಾಣಪತ್ರವನ್ನು ನೇರವಾಗಿ ಅವರಿಗೇ ಕಳುಹಿಸಿ. ನಿಮ್ಮ ಕೈಯಲ್ಲಿರುವ ಕೆಲಸಗಳಲ್ಲಿ ಯಾವುದು ಎಲ್ಲಿಗೆ ಬಂದಿದೆ ಎಂದು ಶುಕ್ರವಾರದೊಳಗೆ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು, ಅದೂ ಸಾಧ್ಯವಾದರೆ ಮಾತ್ರ. ತಂಡಕ್ಕೆ ನೀವು ರಜೆಯಲ್ಲಿದ್ದೀರಿ ಎಂದಷ್ಟೇ ಹೇಳುತ್ತೇನೆ."

ಇದರಲ್ಲಿ "ರಜೆ ಮಂಜೂರಾಗಿದೆ" ಎಂಬ ಮಾತಿಲ್ಲದಿರುವುದನ್ನು ಗಮನಿಸಿ. ದೀರ್ಘ ರಜೆಯನ್ನು ಮಂಜೂರು ಮಾಡುವ ಅಧಿಕಾರ ಅನೇಕ ಕಡೆ ಮ್ಯಾನೇಜರ್ ಒಬ್ಬರ ಕೈಯಲ್ಲಿರುವುದಿಲ್ಲ. ಮೃದು ಮನಸ್ಸಿನಿಂದ ಕೊಟ್ಟ ಭರವಸೆಯನ್ನು ಮರುದಿನ ಹಿಂದೆಗೆದುಕೊಳ್ಳಬೇಕಾಗಿ ಬಂದರೆ, ಕಾಯಿಲೆಯಲ್ಲಿರುವವರಿಗೆ ಅದಕ್ಕಿಂತ ದೊಡ್ಡ ಆಘಾತ ಬೇರಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಈ ವ್ಯಕ್ತಿ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂಬುದಷ್ಟೇ ಕೆಲಸ ಹಂಚುವ ನನಗೆ ಬೇಕಾದ ಮಾಹಿತಿ. ಕಾಯಿಲೆಯ ಹೆಸರು, ಔಷಧದ ಚೀಟಿ, ಯಾವ ವಿಭಾಗದ ವೈದ್ಯರು ಎಂಬ ಯಾವುದೂ ನನಗೆ ಬೇಕಿಲ್ಲ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ: ಪತ್ರದ ಮೇಲ್ತುದಿಯಲ್ಲಿ ಮನೋವೈದ್ಯರ ಅಥವಾ ಕ್ಯಾನ್ಸರ್ ತಜ್ಞರ ಹೆಸರಿದ್ದರೆ, ಒಳಗೆ ಕಾಯಿಲೆಯ ಹೆಸರಿಲ್ಲದಿದ್ದರೂ ಓದಿದವರು ಊಹಿಸಿಬಿಡುತ್ತಾರೆ. ಅದು ನನ್ನ ಇಮೇಲಿಗೆ ಬರಲೇಬಾರದು ಎನ್ನುವುದು ಇದಕ್ಕಾಗಿಯೇ.

ಅವರೇ ಮನಬಿಚ್ಚಿ ಹೇಳಿದರೆ? ಆ ಉದ್ಯೋಗಿ ಎರಡು ದಿನಗಳ ನಂತರ ಫೋನ್ ಮಾಡಿ ನಿಜವಾದ ಕಾರಣವನ್ನು ಹೇಳಿದರು. ನಾನು ಪೂರ್ತಿ ಕೇಳಿಸಿಕೊಂಡು, ಇದು ಯಾರಿಗಾದರೂ ತಿಳಿಯಬೇಕೆ ಎಂದು ಕೇಳಿದೆ. ಬೇಡ ಎಂದರು. ನಾನು ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಮಾಹಿತಿ ಸೋರುವುದು ಬಹುಮಟ್ಟಿಗೆ ಕೆಟ್ಟ ಉದ್ದೇಶದಿಂದಲ್ಲ, ಅಜಾಗರೂಕತೆಯಿಂದ. ಉದ್ಯೋಗಿಯ ಇಮೇಲನ್ನು ಹಾಗೆಯೇ ನಾಲ್ವರಿಗೆ ಫಾರ್ವರ್ಡ್ ಮಾಡುವುದು, ಎಲ್ಲರೂ ನೋಡುವ ಕ್ಯಾಲೆಂಡರಿನಲ್ಲಿ "ಶಸ್ತ್ರಚಿಕಿತ್ಸೆ" ಎಂದು ಗುರುತಿಸುವುದು, ತಂಡದ ವಾಟ್ಸಾಪ್ ಗುಂಪಿನಲ್ಲಿ "ಬೇಗ ಗುಣಮುಖರಾಗಿ" ಎಂದು ಹಾಕುವುದು, ಇವೆಲ್ಲ ಒಳ್ಳೆಯವರೇ ಮಾಡುವ ತಪ್ಪುಗಳು. ಆ ಗುಂಪಿನ ಒಂದು ಸಾಲಿನಿಂದಲೇ ಇದು ಪ್ರವಾಸದ ರಜೆಯಲ್ಲ, ಕಾಯಿಲೆಯ ರಜೆ ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ತಂಡದವರು ಕೇಳಿಯೇ ಕೇಳುತ್ತಾರೆ. "ಅವರು ಮೂರು ವಾರ ರಜೆಯಲ್ಲಿರುತ್ತಾರೆ, ಈ ಎರಡು ಕೆಲಸಗಳನ್ನು ಇಂಥವರು ನೋಡಿಕೊಳ್ಳುತ್ತಾರೆ" ಎಂದು ಹೇಳಿ ನಾನು ಕೆಲಸದ ಮಾತಿಗೇ ಬಂದೆ. "ಅದನ್ನು ನಾನು ಹೇಳುವಂತಿಲ್ಲ" ಎಂದು ಗಂಭೀರವಾಗಿ ನುಡಿದಿದ್ದರೆ ಕುತೂಹಲ ಇಮ್ಮಡಿಯಾಗುತ್ತಿತ್ತು. ಕೆಲಸದ ಹಂಚಿಕೆ ಸ್ಪಷ್ಟವಾಗಿದ್ದಷ್ಟೂ ಕಾರಣ ಕೆದಕುವವರು ಕಡಿಮೆಯಾಗುತ್ತಾರೆ ಎಂಬುದು ನನ್ನ ಅನುಭವ.

ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಸಾಂಕ್ರಾಮಿಕ ರೋಗದ ಸಂದೇಹವಿದ್ದಾಗ, ಅಥವಾ ಯಂತ್ರ ನಡೆಸುವವರು ಹಿಂದಿರುಗುವಾಗ, ಇತರರ ಸುರಕ್ಷತೆಯ ಪ್ರಶ್ನೆ ಏಳುತ್ತದೆ. ಆಗಲೂ ಪ್ರಶ್ನೆ ಕೇಳಬೇಕಾದವರು ಎಚ್‌ಆರ್ ಅಥವಾ ಸಂಸ್ಥೆಯ ವೈದ್ಯರು. ಈ ಕೆಲಸ ಮಾಡಬಹುದು, ಇದನ್ನು ಮಾಡಬಾರದು ಎಂಬ ಅವರ ತೀರ್ಮಾನ ನನಗೆ ತಲುಪಿದರೆ ಸಾಕು.

ಮೂರನೆಯ ವಾರದ ಕೊನೆಯಲ್ಲಿ ಅವರು ಇನ್ನೂ ಹತ್ತು ದಿನ ಬೇಕೆಂದು ಬರೆದರು. ಮತ್ತೆ ಅದೇ ದಾರಿ: ಹೊಸ ಪ್ರಮಾಣಪತ್ರ ಎಚ್‌ಆರ್‌ಗೆ, ಹೊಸ ದಿನಾಂಕ ನನಗೆ. ಹಿಂದಿರುಗಿದ ದಿನ ನಾನು ಅವರನ್ನು ಪಕ್ಕಕ್ಕೆ ಕರೆದು, "ಕೆಲಸದಲ್ಲಿ ಏನಾದರೂ ಬದಲಾವಣೆ ಬೇಕೇ?" ಎಂದು ಮಾತ್ರ ಕೇಳಿದೆ. ಎರಡು ವಾರ ಮಧ್ಯಾಹ್ನ ಮೂರಕ್ಕೆ ಹೊರಡಬೇಕು ಎಂದರು. ಅದನ್ನು ಎಚ್‌ಆರ್‌ಗೆ ತಿಳಿಸಿ ಒಪ್ಪಿಗೆ ಪಡೆದು, ಮೂರರ ನಂತರದ ಸಭೆಗಳನ್ನೆಲ್ಲ ಬೆಳಗಿಗೆ ಬದಲಾಯಿಸಿದೆ.