ಅವ್ವನ ಹೆಸರಿಲೆ ಒಂದು ಪೇಡೆ

‘ಅರ್ಜೆಂಟ್ ಮೇಕ್ ಆನ್ ಆಕ್ಸಿಡೆಂಟ್’ ಎಂಬ ರಸ್ತೆ ಫಲಕದ ಫೋಟೋ 2024ರ ಮಳೆಗಾಲದಲ್ಲಿ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬರದಿದ್ದರೆ ನಿಮ್ಮನ್ನು ಯಾವ ಫ್ಯಾಮಿಲಿ ಗ್ರೂಪಿಗೂ ಸೇರಿಸಿಲ್ಲ ಎಂದರ್ಥ, ಪುಣ್ಯವಂತರು ನೀವು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಫಲಕದ ಮೇಲೆ ಗೌರವ ಹುಟ್ಟಿತು. ನಮ್ಮ ರಸ್ತೆಗಳ ಗುಂಡಿಗಳನ್ನೂ ತಿರುವುಗಳನ್ನೂ ನೋಡಿದವರು ಹೇಳಲಿ, ಇಲಾಖೆ ಇಷ್ಟು ಪ್ರಾಮಾಣಿಕವಾಗಿ ತನ್ನ ಉದ್ದೇಶವನ್ನು ಬರೆದು ನಿಲ್ಲಿಸಿದ್ದು ಹಿಂದೆ ಎಂದಾದರೂ ಉಂಟೆ?

ಮೇಲಿನ ಕನ್ನಡ ಸಾಲು ‘ಅವಸರವೇ ಅಪಘಾತಕ್ಕೆ ಕಾರಣ’. ಅನುವಾದಕ ಮಹಾಶಯರು ಒಂದೊಂದೇ ಪದವನ್ನು ಕೈಹಿಡಿದು ರಸ್ತೆ ದಾಟಿಸಿದ್ದಾರೆ. ಅವಸರ ಎಂದರೆ ಅರ್ಜೆಂಟ್, ಅಪಘಾತ ಎಂದರೆ ಆಕ್ಸಿಡೆಂಟ್, ಕಾರಣ ಎಂದರೆ ಏನೋ ಒಂದು ಮಾಡುವುದು, ಹಾಗಾಗಿ ಮೇಕ್. ಎಲ್ಲ ಪದಗಳೂ ಸುರಕ್ಷಿತವಾಗಿ ಆಚೆ ಬದಿ ತಲುಪಿವೆ, ವಾಕ್ಯ ಮಾತ್ರ ಲಾರಿಯಡಿ ಸಿಕ್ಕಿದೆ. ‘ಅವಸರವೇ’ ಎಂಬಲ್ಲಿ ಕೊನೆಗಿರುವ ಆ ಪುಟ್ಟ ‘ವೇ’ಯಲ್ಲೇ ಇಡೀ ಎಚ್ಚರಿಕೆ ಇದೆ. ಅದಕ್ಕೆ ಇಂಗ್ಲಿಷಿನಲ್ಲಿ ಒಂಟಿ ಪದವಿಲ್ಲದ ಕಾರಣ ಬಿಟ್ಟುಬಿಟ್ಟರು.

ಆದರೆ ಇಂಗ್ಲಿಷನ್ನು ಮಾತ್ರ ಯಾಕೆ ಹಂಗಿಸಬೇಕು? ಆ ಕನ್ನಡವನ್ನೇ ಇನ್ನೊಮ್ಮೆ ಓದಿ. ‘ಅವಸರವೇ ಅಪಘಾತಕ್ಕೆ ಕಾರಣ.’ ಅದು ಏಳನೇ ತರಗತಿಯ ಒಂದು ಅಂಕದ ಪ್ರಶ್ನೆಗೆ ಉತ್ತರ. ಎಂಬತ್ತರ ವೇಗದಲ್ಲಿ ಬರುವವನು ಅದನ್ನು ಓದಿ ‘ಹೌದು ಸಾರ್, ಸರಿ’ ಎಂದು ಮುಂದೆ ಹೋಗುತ್ತಾನೆ. ಅವನಿಗೆ ಹೇಳಬೇಕಾದದ್ದು ಕಾರಣವನ್ನಲ್ಲ, ‘ತಿರುವಿದೆ, ನಿಧಾನ ಮಾರಾಯ’ ಎಂದು.

ಇದು ಊರಿನಲ್ಲಿ ತಯಾರಾದ ಮಾಲು. ದಿಲ್ಲಿಯಿಂದ ಬರುವ ಮಾಲಿನ ಗುಣಮಟ್ಟವೇ ಬೇರೆ, ಅದಕ್ಕೆ ಅನುವಾದದ ಹಂಗೂ ಇಲ್ಲ. 2024ರ ವಿಶ್ವ ಪರಿಸರ ದಿನದಂದು ಪ್ರಧಾನಿಯವರು ದಿಲ್ಲಿಯ ಉದ್ಯಾನದಲ್ಲಿ ಅರಳಿ ಸಸಿ ನೆಟ್ಟು ‘ಏಕ್ ಪೇಡ್ ಮಾ ಕೇ ನಾಮ್’ ಎಂಬ ಅಭಿಯಾನ ಶುರು ಮಾಡಿದರು. ಒಳ್ಳೆಯ ಕೆಲಸ, ಹಿಂದಿಯಲ್ಲಿ ಒಳ್ಳೆಯ ಸಾಲು ಕೂಡ. ಅದು ನಮ್ಮಲ್ಲಿಗೆ ಬಂದಾಗ ಹಿಂದಿಯ ಅಕ್ಷರಗಳನ್ನು ಬಿಚ್ಚಿ ಕನ್ನಡದ ಅಕ್ಷರ ತೊಡಿಸಿ ಪೋಸ್ಟರಿನಲ್ಲಿ ನಿಲ್ಲಿಸಿದರು. ಹಿಂದಿಯ ಮರಕ್ಕಿರುವ ಆ ನಾಲಿಗೆ ಮಡಚುವ ಧ್ವನಿ ನಮ್ಮ ಅಕ್ಷರಮಾಲೆಯಲ್ಲಿ ಇಲ್ಲ. ಹಾಗಾಗಿ ಮರ ಪೇಡ್ ಆಯಿತು. ಧಾರವಾಡದ ಗೆಳೆಯರೊಬ್ಬರಿಗೆ ಆ ಫೋಟೋ ಕಳಿಸಿದೆ. ಫೋನೇ ಬಂತು: “ಅಲ್ರೀ, ಅವ್ವನ ಹೆಸರಿಲೆ ಒಂದ ಪೇಡೆ ಯಾರಿಗ್ ಸಾಲ್ತೈತ್ರಿ? ಪಾವ್ ಕಿಲೋನರ ಬ್ಯಾಡೇನ್ರಿ?”

ಸರಿ, ಕನ್ನಡ ಮಾಡೋಣ ಎಂದು ಕೂತವರೂ ಇದ್ದಾರೆ, ಅವರನ್ನು ಮರೆಯಬಾರದು. ‘ಅಮ್ಮನ ಹೆಸರಿನಲ್ಲಿ ಒಂದು ಮರ.’ ಪದಕ್ಕೆ ಪದ ಸರಿಯಿದೆ. ಪೋಸ್ಟರಿನ ಫೋಟೋದಲ್ಲಿ ಗಣ್ಯರು ಒಂದಡಿಯ ಸಸಿಯನ್ನು ಎಂಟು ಕೈಗಳಲ್ಲಿ ಹಿಡಿದಿದ್ದಾರೆ, ಕೆಳಗೆ ‘ಮರ’ ಎಂದಿದೆ. ಕನ್ನಡದಲ್ಲಿ ನೆಡುವುದು ಸಸಿಯನ್ನು, ನೀರು ಹಾಕುವುದು ಗಿಡಕ್ಕೆ, ಕಡಿಯುವುದು ಮರವನ್ನು. ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ ಇಲಾಖೆಗಳಿವೆ. ಇನ್ನು ‘ಅಮ್ಮನ ಹೆಸರಿನಲ್ಲಿ’ ಎಂದ ಕೂಡಲೇ ಕನ್ನಡಿಗನ ಕಣ್ಣ ಮುಂದೆ ಬರುವುದು ಸಬ್ ರಿಜಿಸ್ಟ್ರಾರ್ ಕಚೇರಿ. ಸೈಟು ಅಮ್ಮನ ಹೆಸರಿನಲ್ಲಿದೆ, ಗ್ಯಾಸ್ ಕನೆಕ್ಷನ್ ಅಮ್ಮನ ಹೆಸರಿನಲ್ಲಿದೆ, ಈಗ ಒಂದು ಮರ, ಖಾತೆ ಬದಲಾವಣೆಗೆ ಯಾರನ್ನು ಹಿಡಿಯಬೇಕೋ.

‘ಅಮ್ಮನ ನೆನಪಿಗೊಂದು ಗಿಡ’ ಎಂದರೆ ಕಿವಿಗೆ ಇಂಪು. ಆದರೆ ಅಮ್ಮ ಗಟ್ಟಿಮುಟ್ಟಾಗಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೆ, ‘ಇಷ್ಟು ಬೇಗ ನನ್ನನ್ನು ಫೋಟೋ ಮಾಡಿಬಿಟ್ಯೇನೋ’ ಎಂದು ಸೌಟು ಹಿಡಿದು ಬರುತ್ತಾಳೆ. ನೆನಪು ಎಂಬುದನ್ನು ನಾವು ಇಲ್ಲದವರಿಗೆ ಎತ್ತಿಟ್ಟಿದ್ದೇವೆ. ಹಾಗಿದ್ದರೆ ‘ಅಮ್ಮನ ಹೆಸರಿಗೊಂದು ಸಸಿ’? ಚಿಕ್ಕದು, ಚೊಕ್ಕದು, ಲಯವೂ ಇದೆ. ತೊಂದರೆ ಏನೆಂದರೆ, ಯಾವುದನ್ನಾದರೂ ‘ಹೆಸರಿಗೆ’ ಮಾಡಿದರು ಎಂದರೆ ನಮ್ಮಲ್ಲಿ ಏನರ್ಥ ಎಂದು ನಿಮಗೆ ಗೊತ್ತು. ವನಮಹೋತ್ಸವದ ಮರುದಿನ ಆ ಗುಂಡಿಗಳನ್ನು ನೋಡಿದವರಿಗೆ ಇದಕ್ಕಿಂತ ನಿಖರವಾದ ಘೋಷಣೆ ಸಿಕ್ಕಲಾರದು, ಆದರೆ ಇಲಾಖೆ ಒಪ್ಪುವುದಿಲ್ಲ.

ನಾನಾಗಿದ್ದರೆ ಹೆಸರನ್ನೇ ಕೈಬಿಡುತ್ತಿದ್ದೆ. ‘ಅಮ್ಮನಿಗೊಂದು ಸಸಿ, ಮೊಮ್ಮಗಳಿಗೊಂದು ಮರ.’ ಹಿಂದಿಯಲ್ಲಿ ಮೊಮ್ಮಗಳು ಇಲ್ಲವಲ್ಲ ಎನ್ನುತ್ತೀರಿ. ಇಲ್ಲ, ನಿಜ. ಆದರೆ ಹಿಂದಿಯ ಸಾಲು ಓದಿದವನಿಗೆ ಒಂದು ಕ್ಷಣ ತಾಯಿ ನೆನಪಾಗಿ ಕೈ ಗುದ್ದಲಿಯ ಕಡೆಗೆ ಹೋಗಬೇಕು ಎಂಬುದಷ್ಟೇ ಅದರ ಆಸೆ. ಆ ಆಸೆ ಇಲ್ಲಿಗೆ ಬಂದರೆ ಸಾಕು, ಪದಗಳು ಅಲ್ಲೇ ಇದ್ದುಕೊಳ್ಳಲಿ.

ಆದರೆ ಇಷ್ಟೆಲ್ಲ ಯೋಚಿಸಲು ಟೈಮೆಲ್ಲಿದೆ ಸ್ವಾಮಿ? ಡಿಸೈನ್ ಮೊದಲೇ ಬಂದಿರುತ್ತದೆ. ಫೋಟೋಗಳ ನಡುವೆ ಐದು ಪುಟ್ಟ ಹಿಂದಿ ಪದಗಳಿಗೆ ಅಳೆದು ಬಿಟ್ಟ ಜಾಗ. ಗಣ್ಯರ ಮುಖ ಒಂದಿಂಚು ಸರಿಯುವಂತಿಲ್ಲ, ಸರಿಸಿದರೆ ಡಿಟಿಪಿ ಹುಡುಗನನ್ನೇ ಸರಿಸುತ್ತಾರೆ. ಅಷ್ಟರಲ್ಲಿ ಕನ್ನಡ ಹಿಡಿಯಬೇಕು. ನಮ್ಮ ಪದಗಳಿಗೆ ವಿಭಕ್ತಿ ಅಂಟಿಕೊಂಡು ಉದ್ದವಾಗುತ್ತವೆ, ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಹುಡುಗ ಅಕ್ಷರ ಸಣ್ಣ ಮಾಡುತ್ತಾನೆ, ಸಾಲುಗಳನ್ನು ಒತ್ತುತ್ತಾನೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ. ಭಾರತೀಯ ಲಿಪಿಗಳಿಗೆ ಬೇಕಾದ ಸೆಟ್ಟಿಂಗ್ ಆನ್ ಮಾಡದ ಸಾಫ್ಟ್‌ವೇರ್ ಆಗಿದ್ದರೆ ಒತ್ತು ಕೂಡುವುದೇ ಇಲ್ಲ, ಅಮ್ಮ ಒಡೆದು ‘ಅಮ್‌ಮ’ ಆಗುತ್ತಾಳೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೋ, ಕನ್ನಡ ಎಂಬ ಪದವೇ `PÀ£ÀßqÀ` ಎಂದು ಕಾಣಿಸುತ್ತದೆ. ಕೆಲವು ಸಲ ಹಾಗೆಯೇ ಪ್ರಿಂಟಾಗಿ ಕಂಬ ಹತ್ತುತ್ತದೆ. ಯಾರೂ ಇಳಿಸುವುದಿಲ್ಲ, ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಆಗಿದೆಯಲ್ಲ.

ಬಿಲ್ಲು ಚದರಡಿ ಲೆಕ್ಕದಲ್ಲಿ. ಫ್ಲೆಕ್ಸಿಗೆ ಇಷ್ಟು, ಕಟ್ಟಿಗೆ ಫ್ರೇಮಿಗೆ ಇಷ್ಟು, ಕಟ್ಟುವ ಕೂಲಿ ಇಷ್ಟು. ವಾಕ್ಯಕ್ಕೆ ಕಾಲಂ ಇಲ್ಲ. ಮೇಲಾಗಿ ನಮ್ಮ ಕನ್ನಡಾಭಿಮಾನವೂ ಈಗ ಚದರಡಿಯಲ್ಲೇ ಇದೆ. ಅಂಗಡಿ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದೆವು. ಬೇಕಿತ್ತು, ತಕರಾರಿಲ್ಲ. ಆದರೆ ಟೇಪು ಹಿಡಿದು ಹೊರಟವರಿಗೆ ‘ದಿ ಅಲ್ಟಿಮೇಟ್ ಸ್ಲೀಪ್ ಎಕ್ಸ್‌ಪೀರಿಯೆನ್ಸ್’ ಎಂದು ಕನ್ನಡ ಲಿಪಿಯಲ್ಲಿ ಎರಡಡಿ ಎತ್ತರಕ್ಕೆ ಬರೆದ ಹಾಸಿಗೆ ಅಂಗಡಿ ಸಿಕ್ಕಿತೆಂದುಕೊಳ್ಳಿ, ಅವರೇನು ಮಾಡಬೇಕು? ಅಳತೆ ಸರಿಯಿದೆ. ನಮ್ಮಜ್ಜಿ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅಲ್ಲೇ ನಿದ್ದೆ ಹೋಗುತ್ತಾಳೆ, ಆ ಮಟ್ಟಿಗೆ ಜಾಹೀರಾತು ಕೂಡ ನಿಜ.

ಮಾಡಲು ಬರುವುದಿಲ್ಲ ಎಂದಲ್ಲ, ಅದೇ ಸಿಟ್ಟು. 2019ರಲ್ಲಿ ಕೇಂದ್ರ ‘ಹರ್ ಘರ್ ಜಲ್’ ಎಂದು ನಲ್ಲಿ ನೀರಿನ ಯೋಜನೆ ತಂದಾಗ ಕರ್ನಾಟಕದಲ್ಲಿ ಅದನ್ನು ‘ಮನೆ ಮನೆಗೆ ಗಂಗೆ’ ಎಂದು ಕರೆದರು. ಹಿಂದಿಯಲ್ಲಿ ಗಂಗೆ ಇಲ್ಲ, ಬರೀ ನೀರು. ಆದರೆ ಬೋರು ಕೊರೆಸಿದರೂ ಗಂಗೆಪೂಜೆ ಮಾಡುವ ಜನಕ್ಕೆ ನೀರು ಎಂದರೆ ಗಂಗಮ್ಮನೇ. ನಲ್ಲಿಯಲ್ಲಿ ಗಂಗೆ ಬಂದಳೋ ಗಾಳಿ ಬಂತೋ, ಅದು ನಿಮ್ಮ ಪಂಚಾಯಿತಿಯವರನ್ನು ಕೇಳಿ. ಹೆಸರಿಟ್ಟವರು ಮಾತ್ರ ತಮ್ಮ ಕೆಲಸ ಮಾಡಿದ್ದಾರೆ. ಯಾವುದೋ ಕಚೇರಿಯ ಮೇಜಿನ ಹಿಂದೆ ಕನ್ನಡ ಕಿವಿ ಇರುವ ಒಬ್ಬರು ಕೂತಿದ್ದರು.

ಆ ಒಬ್ಬರು 2020ರಲ್ಲಿ ರಜೆಯಲ್ಲಿದ್ದರೆಂದು ಕಾಣುತ್ತದೆ. ಸೋಷಿಯಲ್ ಡಿಸ್ಟೆನ್ಸಿಂಗ್ ಬಂತು. ಸೋಷಿಯಲ್ ಎಂದರೆ ಸಾಮಾಜಿಕ, ಡಿಸ್ಟೆನ್ಸ್ ಎಂದರೆ ಅಂತರ. ‘ಸಾಮಾಜಿಕ ಅಂತರ ಕಾಪಾಡಿ’ ಎಂದು ರೇಷನ್ ಅಂಗಡಿಯ ಮೇಲೆ, ದೇವಸ್ಥಾನದ ಬಾಗಿಲ ಮೇಲೆ, ಹೋಟೆಲಿನ ಗಲ್ಲಾದ ಮೇಲೆ ಅಂಟಿಸಿದರು. ಇಲ್ಲಿ ನನಗೆ ತಮಾಷೆ ಮಾಡಲು ಮನಸ್ಸಿಲ್ಲ. ಒಂದೇ ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟ ನಾಡು ಇದು. ಗುಡಿಯ ಮೆಟ್ಟಿಲಿನ ಕೆಳಗೆ ನಿಲ್ಲು ಎಂದು ಇಂದಿಗೂ ಹೇಳುವ ಊರುಗಳಿವೆ. ಅಂಥ ಗುಡಿಯ ಬಾಗಿಲಿಗೆ ಸರ್ಕಾರದ ಲಾಂಛನ ಹಾಕಿ ‘ಸಾಮಾಜಿಕ ಅಂತರ ಕಾಪಾಡಿ’ ಎಂದು ಅಂಟಿಸುವಾಗ ಒಬ್ಬನಿಗಾದರೂ ಕೈ ತಡೆಯಲಿಲ್ಲವಲ್ಲ. ಯಾವ ಅಂತರ ಹೋಗಲಿ ಎಂದು ಜನ ಪ್ರಾಣ ತೇಯ್ದರೋ ಅದನ್ನೇ ಕಾಪಾಡಿ ಎಂದು ನಾವು ಬಣ್ಣದಲ್ಲಿ ಅಚ್ಚು ಹಾಕಿದೆವು. ವಿಶ್ವ ಆರೋಗ್ಯ ಸಂಸ್ಥೆಯೇ ಆ ಮಾತು ಬೇಡ, ದೈಹಿಕ ಅಂತರ ಎನ್ನಿ ಎಂದಿತು. ನಮ್ಮ ಪೋಸ್ಟರುಗಳು ಬದಲಾಗುವ ಹೊತ್ತಿಗೆ ಲಾಕ್‌ಡೌನೇ ಮುಗಿದಿತ್ತು.

‘ಆರಡಿ ದೂರ ನಿಲ್ಲಿ’ ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರಿಗೂ ಅರ್ಥವಾಗುವ ಮೂರು ಪದ. ಕೇಳದವರಿಗೆ ‘ಇಲ್ಲದಿದ್ದರೆ ಆರಡಿ ಮೂರಡಿಯೇ ಗತಿ’ ಎಂದು ಕೆಳಗೆ ಸೇರಿಸಬಹುದಿತ್ತು. ಅದಕ್ಕೆ ಖರ್ಚಿಲ್ಲ, ಬಹುಶಃ ಅದೇ ಅದರ ದೋಷ.

ಖರ್ಚಿಲ್ಲದೆ ಬರೆಯುವ ಘೋಷಣೆಕಾರರು ನಮ್ಮಲ್ಲಿ ಉಳಿದಿರುವುದು ಕಾಂಪೌಂಡ್ ಗೋಡೆಗಳ ಮೇಲೆ ಮಾತ್ರ. ಮಲ್ಲೇಶ್ವರವಾಗಲಿ ಮಂಡ್ಯವಾಗಲಿ, ಯಾವ ಗೋಡೆಯ ಮುಂದಾದರೂ ನಿಂತು ನೋಡಿ. ‘ಇಲ್ಲಿ ಉಚ್ಚೆ ಹೊಯ್ಯುವವನು ಕತ್ತೆ.’ ಕರ್ತೃ, ಕ್ರಿಯೆ, ತೀರ್ಪು, ಎಲ್ಲ ಒಂದೇ ಉಸಿರಿನಲ್ಲಿ. ಇಷ್ಟಕ್ಕೂ ಬಗ್ಗದವರಿಗೆ ಪಕ್ಕದಲ್ಲೇ ದೇವರ ಟೈಲ್ಸ್ ಅಂಟಿಸಿರುತ್ತಾರೆ, ಅಕ್ಷರವೇ ಬೇಡ. ಅಪ್ಪಿತಪ್ಪಿ ಈ ಸಾಲು ನಮ್ಮ ಅಧಿಕೃತ ಅನುವಾದಕರ ಕೈಗೆ ಸಿಕ್ಕದಿರಲಿ. ಅದು ದಿಲ್ಲಿಗೆ ಹೋಗಿ, ಮೂರು ಭಾಷೆ ಸುತ್ತಿ, ಗಣ್ಯರ ಫೋಟೋ ಸಮೇತ ಅದೇ ಗೋಡೆಗೆ ವಾಪಸ್ ಬರುವಾಗ ಹೀಗಿರುತ್ತದೆ: ‘ಈ ಸ್ಥಳವನ್ನು ಕತ್ತೆಗಳ ಮೂತ್ರ ವಿಸರ್ಜನೆಗಾಗಿ ಕಾಯ್ದಿರಿಸಲಾಗಿದೆ.’