ಹಾಲು ಉಕ್ಕದ ವಿಡಿಯೊ

ಗೃಹಪ್ರವೇಶಕ್ಕೆ ಕಾರ್ಡ್ ಸ್ವಲ್ಪವೇ ಹಾಕಿಸೋಣ, ಉಳಿದವರಿಗೆ ವಿಡಿಯೊ ಕಳಿಸೋಣ ಎಂದು ಮನೆಯಲ್ಲಿ ತೀರ್ಮಾನವಾಯಿತು. ಮೊಬೈಲಿನಲ್ಲಿ ಜೋಡಿಸುವುದು ತಮ್ಮನ ಪಾಲು. ಅದರಲ್ಲಿ ಏನು ಹೇಳಬೇಕೆಂದು ಬರೆಯುವ ಕೆಲಸ ನನ್ನ ತಲೆಗೆ ಬಂತು.

ನಾನು ಸೈಟು ಕೊಂಡಲ್ಲಿಂದ ಶುರು ಮಾಡಿ, ಬ್ಯಾಂಕ್ ಸಾಲ, ಮಳೆಗೆ ನಿಂತ ಮೋಲ್ಡು ಎಲ್ಲ ಸೇರಿಸಿ ಎರಡು ಪುಟ ಬರೆದೆ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿದರೆ ಮೂರು ನಿಮಿಷಕ್ಕೆ ಹತ್ತು ಸೆಕೆಂಡ್ ಕಡಿಮೆ. "ಅಷ್ಟೊತ್ತಿಗೆ ಹಾಲು ಉಕ್ಕಿ ಆರಿಹೋಗಿರುತ್ತೆ ಬಿಡು" ಅಂದಳು ತಂಗಿ. ಕೊನೆಗೆ ನಲವತ್ತು ಸೆಕೆಂಡ್ ಎಂದು ಗೆರೆ ಎಳೆದೆವು. ನಿಧಾನವಾಗಿ ಮಾತಾಡುವವರಿಗೆ ಸೆಕೆಂಡಿಗೆ ಎರಡು ಪದ ಹಿಡಿದರೂ ಎಂಬತ್ತೇ ಪದ. ಅದರಲ್ಲೂ ಅರ್ಧದಷ್ಟು ಹೊತ್ತು ಮಾತೇ ಇಲ್ಲದೆ ಮನೆ ಕಾಣಬೇಕು.

ಮೊದಲ ದೃಶ್ಯ ಹಾಲು ಉಕ್ಕುವುದು ಎಂದು ಬರೆದಿದ್ದೆ. ಅಮ್ಮ ಒಂದೇ ಮಾತಿನಲ್ಲಿ ಹೊಡೆದುಹಾಕಿದಳು. "ಗೃಹಪ್ರವೇಶಕ್ಕೆ ಮುಂಚೆ ಆ ಮನೇಲಿ ಒಲೆ ಹಚ್ಚುತ್ತಾರೇನೋ?" ಹೌದಲ್ವಾ! ಹಳೇ ಮನೆ ಒಲೆ ಮೇಲೆ ಉಕ್ಕಿಸಿ ತೆಗೆದರಾಯಿತು ಎಂದು ತಮ್ಮ ಉಪಾಯ ಹೇಳಿದ. ಅಮ್ಮನ ಮುಖ ನೋಡಿ ಅವನೇ ಸುಮ್ಮನಾದ. ಹಾಲು ಉಕ್ಕುವುದನ್ನು ನೋಡೋಕೆ ತಾನೇ ಜನರನ್ನು ಕರೆಯುವುದು, ಅದನ್ನು ಮೊದಲೇ ತೋರಿಸೋದು ಯಾಕೆ ಅಂತ ನನಗೂ ಅನ್ನಿಸಿತು.

ಹಾಗಾಗಿ ಎಲ್ಲರ ಫೋನಿನಲ್ಲೂ ಹುಡುಕಾಟ ನಡೆಯಿತು. ಸಿಕ್ಕಿದ್ದು ಮುಂಬಾಗಿಲು ನಿಲ್ಲಿಸಿದ ದಿನದ್ದು. ಗಾರೆ ಮೇಸ್ತ್ರಿ ತೂಗುಗುಂಡು ಬಿಟ್ಟು ನೋಡುತ್ತಿದ್ದಾನೆ, ಅಮ್ಮ ಹೊಸಿಲಿಗೆ ಅರಿಸಿನ ಹಚ್ಚುತ್ತಿದ್ದಾಳೆ, ಅಪ್ಪ ತೆಂಗಿನಕಾಯಿ ಹಿಡಿದು ನಿಂತಿದ್ದಾರೆ. ಆದರೆ ಅದನ್ನು ಫೋನ್ ಅಡ್ಡ ಹಿಡಿದು ತೆಗೆದಿದ್ದರು, ನಮ್ಮ ವಿಡಿಯೊ ಉದ್ದುದ್ದ. ಪರದೆ ತುಂಬಿಸೋಕೆ ಹೋದರೆ ಅಮ್ಮ ಉಳಿಯುತ್ತಾಳೆ, ಅಪ್ಪ ಕಾಯಿ ಸಮೇತ ಮಾಯ. ಕತ್ತರಿಸದೆ ಹಾಗೇ ನಡುವೆ ಕೂರಿಸಿ, ಮೇಲೆ ಕೆಳಗೆ ಉಳಿದ ಜಾಗದಲ್ಲಿ ಅಕ್ಷರ ಬರೆದೆವು. ಆಮೇಲೆ ಮೂರು ಮೂರು ಸೆಕೆಂಡಿನ ತುಣುಕುಗಳು: ಅಡುಗೆಮನೆ ಕಿಟಕಿಯ ಬೆಳಕು, ಮೆಟ್ಟಿಲ ಮೇಲೆ ಕೂತ ತಂಗಿಯ ಮಕ್ಕಳು, ಖಾಲಿ ದೇವರ ಗೂಡು.

ಧ್ವನಿ ಅಪ್ಪನದು. ಹೊಸ ಮನೆ ನಡುಮನೆಯಲ್ಲೇ ನಿಲ್ಲಿಸಿ ರೆಕಾರ್ಡ್ ಮಾಡಿದರೆ ಬಾವಿಯೊಳಗಿಂದ ಮಾತಾಡಿದ ಹಾಗಿತ್ತು. ಪರದೆ ಇಲ್ಲ, ಹಾಸಿಗೆ ಇಲ್ಲ, ಬರೀ ಗೋಡೆ ಮತ್ತು ಟೈಲ್ಸು. ಶಬ್ದ ಬಡಿದು ಬಡಿದು ವಾಪಸ್ ಬರುತ್ತಿತ್ತು. ಹಳೇ ಮನೆಯಲ್ಲಿ ಅಮ್ಮನ ಸೀರೆ ಬೀರು ತೆಗೆದು ಅದರ ಮುಂದೆ ಕೂರಿಸಿದ ಮೇಲೆ ಸರಿಹೋಯಿತು. ಆದರೆ ಅಪ್ಪ ನಾನು ಬರೆದುಕೊಟ್ಟ "ಸಕುಟುಂಬ ಸಪರಿವಾರ"ವನ್ನು ರೇಡಿಯೊ ವಾರ್ತೆಯಂತೆ ಓದಿದರು. ಮೂರನೇ ಸಲ ನಾನೇ ಕಾಗದ ಕಿತ್ತುಕೊಂಡು, "ತೀರ್ಥಹಳ್ಳಿ ಅತ್ತೆಗೆ ಫೋನ್ ಮಾಡಿದ ಹಾಗೆ ಹೇಳಿ" ಅಂದೆ.

"ಅಕ್ಕಾ, ಮನೆ ಆಯ್ತು. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಬೆಳಗಿನ ಜಾವ ಹಾಲು ಉಕ್ಕಿಸ್ತೀವಿ. ಅಷ್ಟು ಬೇಗ ಆಗದಿದ್ರೆ ಮಧ್ಯಾಹ್ನ ಊಟಕ್ಕಾದ್ರೂ ಬನ್ನಿ. ಮಕ್ಕಳನ್ನೂ ಕರ್ಕೊಂಡು ಬನ್ನಿ, ಓಡಾಡೋಕೆ ಜಾಗ ಇದೆ."

"ಅಕ್ಕಾ" ತೆಗೆದು "ನಮಸ್ಕಾರ" ಸೇರಿಸಿದೆವು. ಉಳಿದದ್ದನ್ನು ಮುಟ್ಟಲಿಲ್ಲ. ನನ್ನ ಎರಡು ಪುಟ ಗ್ಯಾಸ್ ಬಿಲ್ಲಿನ ಜೊತೆ ಡ್ರಾಯರ್ ಸೇರಿತು.

ತಾರೀಖು, ಗಂಟೆ ಯಾವುದನ್ನೂ ಅಪ್ಪನ ಬಾಯಲ್ಲಿ ಹೇಳಿಸಲಿಲ್ಲ, ಕೊನೆಯ ಚಿತ್ರದಲ್ಲಿ ಬರೆದೆವು. ಅದು ಒಳ್ಳೆಯದೇ ಆಯಿತು. ಪುರೋಹಿತರು ಆಮೇಲೆ ಮುಹೂರ್ತವನ್ನು ಅರ್ಧ ಗಂಟೆ ಹಿಂದೆ ತಂದು 5.30 ಮಾಡಿದರು. ಆ ಒಂದು ಚಿತ್ರ ಬದಲಾಯಿಸಿದ್ದಷ್ಟೇ ಕೆಲಸ. ಪೂಜೆಗೊಂದು, ಊಟಕ್ಕೊಂದು ಎಂದು ಎರಡು ಹೊತ್ತನ್ನೂ ಬರೆದಿದ್ದೆವು. ಬರೀ ಮುಹೂರ್ತ ನೋಡಿ ಎಷ್ಟು ಹೊತ್ತಿಗೆ ಹೋಗಬೇಕೆಂದು ತಿಳಿಯದೆ ನಾವೇ ಎಷ್ಟು ಸಲ ಪರದಾಡಿಲ್ಲ!

ಮೊದಲು ಆ ಚಿತ್ರ ಮೂರು ಸೆಕೆಂಡ್ ನಿಲ್ಲುತ್ತಿತ್ತು. ಚಿಕ್ಕಮ್ಮನಿಗೆ ತೋರಿಸಿದೆವು. ಓದಿ ಮುಗಿಯದೆ ಅವರು ಬೆರಳಿಟ್ಟು ನಿಲ್ಲಿಸಿದರು. ನಡುವೆ ಮೂಡಿದ ಬಟನ್ ಸರಿಯಾಗಿ ಗಂಟೆಯ ಮೇಲೇ ಕೂತಿತು. ಅವರು ಎರಡು ಸಲ ಗಟ್ಟಿಯಾಗಿ ಓದುವಷ್ಟು, ಅಂದರೆ ಎಂಟು ಸೆಕೆಂಡ್, ಚಿತ್ರ ನಿಲ್ಲುವಂತೆ ಮಾಡಿದೆವು. ಮ್ಯಾಪಿನ ಲಿಂಕನ್ನೂ ಅಲ್ಲೇ ಬರೆಯಲು ಹೊರಟಿದ್ದ ತಮ್ಮ. ವಿಡಿಯೊದೊಳಗಿನ ಲಿಂಕ್ ಒತ್ತಿದರೆ ಏನಾಗುತ್ತೆ, ಏನೂ ಆಗಲ್ಲ. ಅದನ್ನು ಕೆಳಗೆ ಬೇರೆ ಮೆಸೇಜ್ ಮಾಡಿ ಕಳಿಸಿದೆವು.

ರಾತ್ರಿ ತೀರ್ಥಹಳ್ಳಿ ಅತ್ತೆಯ ವಾಯ್ಸ್ ಮೆಸೇಜ್ ಬಂತು, ಅಪ್ಪನಿಗೆ. "ನೋಡಿದೆ ಕಣೋ. ಐದೂವರೆಗೆ ಬರೋಕೆ ಇಲ್ಲಿಂದ ಯಾವ ಬಸ್ಸು ಸಿಗುತ್ತೆ? ಹಿಂದಿನ ದಿನಾನೇ ಬರ್ತೀನಿ. ಹಳೇ ಮನೇಲಿ ಹಾಸಿಗೆ ಇದೆಯೋ, ಆಗಲೇ ಸಾಗಿಸಿದ್ದೀರೋ?"